ಪ್ರಬಂಧಕ್ಕೆ ಎಷ್ಟು ಆಕರಗಳು ಬೇಕು?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಬಂದು ಬೀಳುವ ಪ್ರಬಂಧಗಳನ್ನು ನಾನು ಹಿಂದಿನಿಂದ ಓದುತ್ತೇನೆ. ಮೊದಲು ಕೊನೆಯ ಪುಟದ ಆಕರಪಟ್ಟಿ ನೋಡಿ, ಅಲ್ಲಿರುವ ಒಂದೊಂದು ಹೆಸರೂ ಒಳಗೆ ಎಲ್ಲಿ ಬಂದಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗುತ್ತೇನೆ. ಕಳೆದ ವರ್ಷ ಬಿ.ಎ. ವಿದ್ಯಾರ್ಥಿಯೊಬ್ಬನ ಪಟ್ಟಿಯಲ್ಲಿ 23 ಆಕರಗಳಿದ್ದವು. ಅವುಗಳಲ್ಲಿ ಪ್ರಬಂಧದೊಳಗೆ ಸಿಕ್ಕಿದ್ದು 14. ಆ ಹದಿನಾಲ್ಕರಲ್ಲಿ ಒಂಬತ್ತು ಪೀಠಿಕೆಯ ಎರಡೇ ವಾಕ್ಯಗಳ ಕೊನೆಯಲ್ಲಿ ಒಟ್ಟಾಗಿ ಕುಳಿತಿದ್ದವು. ವಾದವನ್ನು ನಿಜವಾಗಿ ಹೊತ್ತು ನಡೆಸಿದ್ದು ಐದು ಮಾತ್ರ. ಕರೆದು ಕೇಳಿದಾಗ ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ: “ಎಷ್ಟು ಬೇಕು ಎಂದು ಯಾರೂ ಹೇಳಲಿಲ್ಲ ಮೇಡಂ. ಹೆಚ್ಚಿದ್ದರೆ ಒಳ್ಳೆಯದು ಎಂದುಕೊಂಡೆ.”

ಅವನ ದೂರು ನ್ಯಾಯವಾದದ್ದು. ಎರಡು ಸಾವಿರ ಪದಗಳ ಪ್ರಬಂಧ ಬರೆಯಿರಿ ಎನ್ನುವ ನಾವು, ಆಕರಗಳ ಸಂಖ್ಯೆಯನ್ನು ಹೇಗೆ ಲೆಕ್ಕ ಹಾಕಬೇಕು ಎಂದು ಕಲಿಸುವುದು ಅಪರೂಪ. ಪುಟಕ್ಕೆ ಒಂದು, ನೂರೈವತ್ತು ಪದಕ್ಕೆ ಒಂದು ಎಂಬ ಸೂತ್ರಗಳು ಹಾಸ್ಟೆಲುಗಳಲ್ಲಿ ಬಾಯಿಂದ ಬಾಯಿಗೆ ಹೋಗುತ್ತವೆ. ಪದಗಳನ್ನು ಎಣಿಸಿ ಆಕರ ಹುಡುಕಿದರೆ ಲೆಕ್ಕ ತಪ್ಪುತ್ತದೆ. ಎಣಿಸಬೇಕಾದದ್ದು ನಿಮ್ಮ ಹೇಳಿಕೆಗಳನ್ನು. ಅದನ್ನು ಒಂದು ಉದಾಹರಣೆಯ ಮೂಲಕವೇ ತೋರಿಸುತ್ತೇನೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಹೇಳಿಕೆಗಳಾಗಿ ಒಡೆಯಿರಿ

ಪ್ರಶ್ನೆ ಹೀಗಿದೆ ಎಂದುಕೊಳ್ಳಿ: “1974ರ ಭೂಸುಧಾರಣೆ ರಾಜ್ಯದ ಒಳನಾಡಿಗಿಂತ ದಕ್ಷಿಣ ಕನ್ನಡದಲ್ಲಿ ಆಳವಾದ ಬದಲಾವಣೆ ತಂದದ್ದು ಏಕೆ?” ಉದ್ದ 2000 ಪದ. ಗ್ರಂಥಾಲಯಕ್ಕೆ ಓಡುವ ಮೊದಲು ಒಂದು ಹಾಳೆ ತೆಗೆದುಕೊಂಡು, ಉತ್ತರ ನಿಲ್ಲಬೇಕಾದರೆ ಓದುಗರು ಏನೇನನ್ನು ಒಪ್ಪಬೇಕು ಎಂದು ಒಂದೊಂದೇ ಸಾಲಿನಲ್ಲಿ ಬರೆಯಿರಿ. ನಾನು ಬರೆದರೆ ಆರು ಸಾಲು ಬರುತ್ತದೆ.

ಒಂದು, ಗೇಣಿಗೆ ಕೊಟ್ಟ ಜಮೀನು 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿತು, ಉಳುತ್ತಿದ್ದವರು ಅರ್ಜಿ ಹಾಕಿ ಹಕ್ಕು ಪಡೆಯಬಹುದಾಗಿತ್ತು. ಎರಡು, ಕರಾವಳಿಯಲ್ಲಿ ಗೇಣಿ ಜಮೀನಿನ ಪಾಲು ಒಳನಾಡಿಗಿಂತ ಹೆಚ್ಚಿತ್ತು. ಮೂರು, ಅಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಬೇರೂರಿದ ಪದ್ಧತಿಗಳಿದ್ದುದರಿಂದ ಯಾರು ಯಾರ ಒಕ್ಕಲು ಎಂಬುದು ಊರಿಗೇ ಗೊತ್ತಿತ್ತು. ನಾಲ್ಕು, ಗೇಣಿದಾರರು ಸಂಘಟಿತರಾಗಿದ್ದರು. ಐದು, ದೇವರಾಜ ಅರಸು ಸರ್ಕಾರಕ್ಕೆ ಈ ಕಾನೂನನ್ನು ಜಾರಿಗೊಳಿಸುವ ರಾಜಕೀಯ ಕಾರಣಗಳಿದ್ದವು. ಆರು, ಲಾಭವಾದದ್ದು ಗೇಣಿದಾರರಿಗೆ. ಭೂಮಿಯೇ ಇಲ್ಲದ ಕೂಲಿಗಳಿಗೆ ಅಷ್ಟಾಗಿ ಸಿಗಲಿಲ್ಲ.

ಎರಡನೆಯ ಹೆಜ್ಜೆ: ಪ್ರತಿ ಸಾಲಿನ ಪಕ್ಕದಲ್ಲಿ “ಇದನ್ನು ಯಾರು ನಂಬುವುದಿಲ್ಲ?” ಎಂದು ಕೇಳಿ

ಇಲ್ಲಿಯೇ ನಿಜವಾದ ಲೆಕ್ಕ ಇರುವುದು. ಒಂದನೆಯ ಸಾಲು ಕಾನೂನಿನ ವಿಷಯ. ಅದಕ್ಕೆ ಕಾಯ್ದೆಯ ಪಠ್ಯವೇ ಸಾಕು. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದ್ದು. ಗೇಣಿಯನ್ನು ಕೊನೆಗಾಣಿಸಿದ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ತಿದ್ದುಪಡಿಯಾದ ಕಾಯ್ದೆಯನ್ನು ತೆರೆದು ಸೆಕ್ಷನ್ ಸಂಖ್ಯೆಯೊಂದಿಗೆ ಉಲ್ಲೇಖಿಸಿದರೆ ಮುಗಿಯಿತು. ಅದೇ ಮಾತಿಗೆ ಎರಡು ಪಠ್ಯಪುಸ್ತಕ, ಒಂದು ಪತ್ರಿಕಾ ಲೇಖನ, ಒಂದು ಗೈಡ್ ಸೇರಿಸಿದರೆ ಮಾತು ಹೆಚ್ಚು ಗಟ್ಟಿಯಾಗುವುದಿಲ್ಲ, ಏಕೆಂದರೆ ಆ ನಾಲ್ಕೂ ಕಾಯ್ದೆಯನ್ನು ನೋಡಿಯೇ ಬರೆದವು. ಆಕರ: 1.

ಎರಡನೆಯದು ಅಂಕಿ ಅಂಶದ ಹೇಳಿಕೆ, ಅದರಲ್ಲೂ ಹೋಲಿಕೆ. “ಹೆಚ್ಚಿತ್ತು” ಎಂದರೆ ಎಷ್ಟು ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಆದ್ದರಿಂದ ಜಿಲ್ಲಾವಾರು ಅಂಕಿ ಇರುವ ಸರ್ಕಾರಿ ದಾಖಲೆಯೊಂದು, ಅದನ್ನು ವಿಶ್ಲೇಷಿಸಿದ ಸಂಶೋಧನಾ ಲೇಖನವೊಂದು ಬೇಕು. ಇಲ್ಲೊಂದು ಎಡವುವ ಜಾಗವಿದೆ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಎಪ್ಪತ್ತರ ದಶಕದ ಅಂಕಿಗಳಲ್ಲಿ “ದಕ್ಷಿಣ ಕನ್ನಡ” ಎಂದರೆ ಇಂದಿನ ಉಡುಪಿಯೂ ಸೇರಿದ ಪ್ರದೇಶ. ಹಳೆಯ ಮತ್ತು ಹೊಸ ದಾಖಲೆಗಳ ಅಂಕಿಗಳನ್ನು ಹಾಗೆಯೇ ಪಕ್ಕಪಕ್ಕದಲ್ಲಿ ಇಟ್ಟವರು ಎರಡನ್ನೂ ಸರಿಯಾಗಿ ಓದಿಲ್ಲ ಎಂದು ತಕ್ಷಣ ತಿಳಿದುಬಿಡುತ್ತದೆ. ಆಕರ: 2.

ಮೂರಕ್ಕೆ ಜಿಲ್ಲಾ ಗೆಜೆಟಿಯರ್ ಇದೆ. ಮೂಲಗೇಣಿ ಎಂದರೆ ಕಾಯಂ ಗೇಣಿ, ಚಾಲಗೇಣಿ ಎಂದರೆ ಧಣಿ ಬಯಸಿದಾಗ ಬಿಡಿಸಬಹುದಾದ ಗೇಣಿ ಎಂಬ ವಿವರಣೆ ಅಂಥ ಕಡೆ ಸಿಗುತ್ತದೆ. ಆಕರ: 1. ನಾಲ್ಕು ಮತ್ತು ಐದು ಇತಿಹಾಸಕಾರರ, ರಾಜಕೀಯ ವಿಜ್ಞಾನಿಗಳ ವ್ಯಾಖ್ಯಾನಕ್ಕೆ ಸೇರಿದ ಮಾತುಗಳು. ಒಂದೊಂದಕ್ಕೆ ಒಂದು ಒಳ್ಳೆಯ ಅಧ್ಯಯನ ಸಾಕು. ಆಕರ: 2.

ಆರನೆಯದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಸುಧಾರಣೆಯನ್ನು ಯಶಸ್ಸು ಎಂದವರೂ ಇದ್ದಾರೆ, ಮಧ್ಯಮ ಹಂತದ ಒಕ್ಕಲುಗಳಿಗೆ ಮಾತ್ರ ನೆರವಾಯಿತು ಎಂದವರೂ ಇದ್ದಾರೆ. ಹಾಗಾಗಿ ಎರಡೂ ಕಡೆಯವರು ಬೇಕು, ಅವರು ಬೇರೆ ಬೇರೆ ತೀರ್ಮಾನಕ್ಕೆ ಬಂದದ್ದೇಕೆ ಎಂದು ನೀವು ಒಂದು ಪ್ಯಾರಾ ಬರೆಯಬೇಕು. ಆಕರ: 2.

ಕೂಡಿಸಿದರೆ 8. ಓದುತ್ತಾ ಹೋದಂತೆ ಒಂದೆರಡು ಸೇರಬಹುದು, ಒಂದೇ ಪುಸ್ತಕ ಎರಡು ಸಾಲುಗಳಿಗೆ ಒದಗಿ ಒಂದು ಕಡಿಮೆಯೂ ಆಗಬಹುದು. ಏಳರಿಂದ ಹತ್ತರೊಳಗೆ ಈ ಪ್ರಬಂಧ ನಿಲ್ಲುತ್ತದೆ. ಇದೇ ಉದ್ದದಲ್ಲಿ ಒಂದು ಕಾದಂಬರಿಯ ನಿರೂಪಣೆಯನ್ನು ಕುರಿತು ಬರೆಯುವವರಿಗೆ ಕಾದಂಬರಿ ಮತ್ತು ಮೂರು ವಿಮರ್ಶೆಗಳು ಸಾಕಾಗಬಹುದು. ಅಲ್ಲಿ ಸಾಕ್ಷ್ಯವೆಲ್ಲ ಮೂಲಕೃತಿಯ ಸಾಲುಗಳಲ್ಲೇ ಇರುತ್ತದೆ.

ಮೂರನೆಯ ಹೆಜ್ಜೆ: ಲೆಕ್ಕ ತುಂಬಿಸಲು ಸೇರಿಸಿದ ಆಕರಗಳನ್ನು ಕಿತ್ತು ನೋಡಿ

ಕರಡು ಮುಗಿದ ಮೇಲೆ ಒಂದೊಂದು ಉಲ್ಲೇಖದ ಮೇಲೂ ಬೆರಳಿಟ್ಟು ಮುಚ್ಚಿ, ವಾಕ್ಯವನ್ನು ಓದಿ. ಉಲ್ಲೇಖ ಇಲ್ಲದಿದ್ದರೆ ಓದುಗರು “ನಿನಗೆ ಹೇಗೆ ಗೊತ್ತು?” ಎಂದು ಕೇಳುತ್ತಾರೆಯೇ? ಕೇಳುವುದಿಲ್ಲ ಎಂದಾದರೆ ಅದನ್ನು ತೆಗೆಯಿರಿ.

ಆ 23 ಆಕರಗಳ ಪ್ರಬಂಧದ ಮೊದಲ ವಾಕ್ಯ ಹೀಗಿತ್ತು: “ಭಾರತ ಕೃಷಿ ಪ್ರಧಾನ ದೇಶವಾಗಿದ್ದು ಭೂಮಿಯು ರೈತರ ಜೀವನಾಧಾರವಾಗಿದೆ.” ಅದರ ಕೊನೆಗೆ ಆವರಣದಲ್ಲಿ ಐದು ಲೇಖಕರು. ಈ ಮಾತನ್ನು ಅನುಮಾನಿಸುವವರು ಯಾರೂ ಇಲ್ಲ. ಆ ಐವರೂ ಬೇರೆ ಬೇರೆ ಪ್ರಶ್ನೆಗಳ ಮೇಲೆ ವರ್ಷಗಟ್ಟಲೆ ದುಡಿದವರು. ಅವರನ್ನು ಇಂಥ ಮಾತಿಗೆ ಸಾಕ್ಷಿ ನಿಲ್ಲಿಸುವುದು ಅವರ ಕೆಲಸಕ್ಕೆ ಮಾಡುವ ಅನ್ಯಾಯ. ಅವರಲ್ಲಿ ಒಬ್ಬರು ಕರಾವಳಿಯ ಗೇಣಿಯ ಮೇಲೆಯೇ ಲೇಖನ ಬರೆದಿದ್ದರು. ನಮ್ಮ ಹುಡುಗ ಅವರನ್ನು ಪೀಠಿಕೆಯಲ್ಲಿ ಖರ್ಚು ಮಾಡಿ, ಅವರ ಅಗತ್ಯ ನಿಜವಾಗಿಯೂ ಇದ್ದ ನಾಲ್ಕನೆಯ ಪುಟದಲ್ಲಿ ಬರಿಗೈಯಲ್ಲಿ ನಿಂತಿದ್ದ. ನಾವಿಬ್ಬರೂ ಕುಳಿತು ಮೊದಲ ವಾಕ್ಯವನ್ನೇ ಹೊಡೆದು ಹಾಕಿದೆವು. ಪ್ರಬಂಧ ಈಗ “1974ರ ಮಾರ್ಚ್ 1ರಂದು ಗೇಣಿದಾರರು ಉಳುತ್ತಿದ್ದ ಜಮೀನು ಸರ್ಕಾರಕ್ಕೆ ಸೇರಿತು” ಎಂದು ಶುರುವಾಯಿತು, ಕಾಯ್ದೆಯ ಒಂದೇ ಉಲ್ಲೇಖದೊಂದಿಗೆ.

ಒಂದೇ ಆವರಣದಲ್ಲಿ ಮೂರ್ನಾಲ್ಕು ಹೆಸರು ಕಂಡಾಗಲೆಲ್ಲ, ಇವರಲ್ಲಿ ಒಬ್ಬೊಬ್ಬರೂ ಹೇಳಿದ್ದೇನು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎಲ್ಲರೂ ಒಂದೇ ಮಾತು ಹೇಳಿದ್ದರೆ ಅದನ್ನು ಚೆನ್ನಾಗಿ ಸಾಧಿಸಿ ತೋರಿಸಿದವರನ್ನು ಉಳಿಸಿ. ಬೇರೆ ಬೇರೆ ಹೇಳಿದ್ದರೆ ಅವರನ್ನು ಒಂದೇ ಆವರಣದಲ್ಲಿ ಕೂಡಿ ಹಾಕುವುದು ತಪ್ಪು ಮಾಹಿತಿ ಕೊಟ್ಟ ಹಾಗೆ. ಅಪವಾದ ಒಂದಿದೆ: “ಈ ವಿಷಯದಲ್ಲಿ ಹಲವು ವಿದ್ವಾಂಸರು ಒಮ್ಮತಕ್ಕೆ ಬಂದಿದ್ದಾರೆ” ಎಂಬುದೇ ನಿಮ್ಮ ಹೇಳಿಕೆಯಾದರೆ ಹಲವರ ಹೆಸರು ಬೇಕೇ ಬೇಕು.

ಲೆಕ್ಕ ತುಂಬಿಸುವ ಇನ್ನೊಂದು ಬಗೆ ಇದಕ್ಕಿಂತ ಅಪಾಯದ್ದು: ನೋಡದೆ ಇರುವ ಆಕರ. ಒಂದು ಲೇಖನದಲ್ಲಿ ಸರ್ಕಾರಿ ವರದಿಯೊಂದರ ಅಂಕಿ ಕಾಣುತ್ತದೆ. ವಿದ್ಯಾರ್ಥಿ ಲೇಖನವನ್ನು ಬಿಟ್ಟು ವರದಿಯನ್ನೇ ಓದಿದ ಹಾಗೆ ಅದರ ಹೆಸರು, ಪುಟಸಂಖ್ಯೆ ಬರೆದುಕೊಳ್ಳುತ್ತಾನೆ. ಲೇಖಕರು ಪುಟವನ್ನು ತಪ್ಪಾಗಿ ಕೊಟ್ಟಿದ್ದರೆ ಅದೇ ತಪ್ಪು ಇಲ್ಲಿಗೂ ಇಳಿದು ಬರುತ್ತದೆ. ಮೌಲ್ಯಮಾಪಕರಿಗೆ ಇದು ಗೊತ್ತಾಗುವುದು ಹೀಗೆಯೇ. ವರದಿ ಸಿಗದಿದ್ದರೆ ಸಂಕೋಚ ಬೇಡ, “ಇಂಥ ವರದಿ, ಇಂಥ ಲೇಖನದಲ್ಲಿ ಉದ್ಧೃತ” ಎಂದು ಬರೆಯಿರಿ. ಆಗ ಪಟ್ಟಿಗೆ ಸೇರುವುದು ನೀವು ಓದಿದ ಲೇಖನ ಮಾತ್ರ.

ನಿಘಂಟಿನ ಅರ್ಥದಿಂದ ಪೀಠಿಕೆ ಶುರು ಮಾಡುವುದು, ತರಗತಿಯ ಟಿಪ್ಪಣಿಯನ್ನು ಆಕರವಾಗಿಸುವುದು, ಓದಿದ್ದರೂ ಎಲ್ಲಿಯೂ ಬಳಸದ ಪುಸ್ತಕವನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳುವುದು, ಇವುಗಳನ್ನೂ ಬಿಟ್ಟುಬಿಡಿ. ಓದಿದ್ದೆಲ್ಲವನ್ನೂ ಪಟ್ಟಿ ಮಾಡಿ ಎಂದು ವಿಭಾಗವೇ ಹೇಳಿದ್ದರೆ ಕೊನೆಯದಕ್ಕೆ ವಿನಾಯಿತಿ.

ಕಡಿಮೆಯಾಗಿದೆ ಎಂದು ತಿಳಿಯುವುದು ಹೇಗೆ?

ಕರಡಿನ ಅಂಚಿನಲ್ಲಿ ಒಂದೊಂದು ಆಕರಕ್ಕೆ ಒಂದೊಂದು ಬಣ್ಣದ ಗೀಟು ಎಳೆಯಿರಿ. ಎರಡು ಪುಟ ಪೂರ್ತಿ ಒಂದೇ ಬಣ್ಣವಾದರೆ ನೀವು ಆ ಪುಸ್ತಕದ ಸಾರಾಂಶ ಬರೆಯುತ್ತಿದ್ದೀರಿ. ಒಂದು ಪುಟದಲ್ಲಿ ಬಣ್ಣವೇ ಇಲ್ಲದಿದ್ದರೆ, ಅಲ್ಲಿರುವುದು ನಿಮ್ಮ ಸ್ವಂತ ತರ್ಕವೋ ಆಧಾರವಿಲ್ಲದ ಹೇಳಿಕೆಯೋ ಎಂದು ನೋಡಿ. ಸ್ವಂತ ತರ್ಕವಾದರೆ ಬಣ್ಣ ಬೇಕಾಗಿಲ್ಲ. “ಒಳನಾಡಿನಲ್ಲಿ ಗೇಣಿ ಬಹಳಮಟ್ಟಿಗೆ ಬಾಯಿಮಾತಿನದಾಗಿತ್ತು” ಎಂಬಂಥ ಸಾಲು ಬಣ್ಣವಿಲ್ಲದೆ ನಿಂತಿದ್ದರೆ ಅಲ್ಲೊಂದು ಆಕರ ಬೇಕು. ಇಡೀ ಹೋಲಿಕೆ ನಿಂತಿರುವುದೇ ಅದರ ಮೇಲೆ.

ವಿಭಾಗ “ಕನಿಷ್ಠ ಹನ್ನೆರಡು” ಎಂದಾಗ

ನಿಮ್ಮ ಲೆಕ್ಕ ಎಂಟಕ್ಕೆ ನಿಂತಿದೆ, ಸೂಚನೆ ಹನ್ನೆರಡು ಕೇಳುತ್ತದೆ. ಆಗ ಪೀಠಿಕೆಗೆ ನಾಲ್ಕು ಹೆಸರು ತುರುಕುವ ಬದಲು ಹೇಳಿಕೆಗಳ ಹಾಳೆಗೆ ಮರಳಿ, ಎಲ್ಲಿ ವಾದ ತೆಳುವಾಗಿದೆ ಎಂದು ಹುಡುಕಿ. ಈ ಪ್ರಬಂಧದಲ್ಲಾದರೆ ಒಳನಾಡಿನ ಒಂದು ಜಿಲ್ಲೆಯ ಅಧ್ಯಯನ ಸೇರಿಸಬಹುದು, ಏಕೆಂದರೆ ಎಂಟರ ಪಟ್ಟಿಯಲ್ಲಿ ಹೋಲಿಕೆಯ ಆ ಬದಿ ಬಡವಾಗಿತ್ತು. 1951ರ ಕಾಗೋಡು ಸತ್ಯಾಗ್ರಹದ ಮೇಲಿನ ಬರಹವೊಂದು ಮಲೆನಾಡಿನ ಗೇಣಿದಾರರ ಸಂಘಟನೆಯನ್ನು ಕರಾವಳಿಯದರ ಪಕ್ಕದಲ್ಲಿಟ್ಟು ನೋಡಲು ನೆರವಾಗುತ್ತದೆ. ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ ಭೂನ್ಯಾಯ ಮಂಡಳಿಯ ಮುಂದೆ ಆರಂಭದ ವರ್ಷಗಳಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ಅದರ ಪರಿಣಾಮ ಏನಾಯಿತು ಎಂದು ಕೇಳಿಕೊಂಡರೆ ಮತ್ತೊಂದು ಆಕರಕ್ಕೆ ದಾರಿಯಾಗುತ್ತದೆ.

ಮೂಲ ದಾಖಲೆಗಳೂ ಇವೆ. ಇದೇ ವಿಷಯ ಆರಿಸಿಕೊಂಡಿದ್ದ ಹುಡುಗಿಯೊಬ್ಬಳು ಅಜ್ಜನ ಕಬ್ಬಿಣದ ಪೆಟ್ಟಿಗೆಯಿಂದ ಭೂನ್ಯಾಯ ಮಂಡಳಿಯ ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದಳು. ಕರಾವಳಿಯ ಹಿರಿಯರು ಇಂದಿಗೂ “ಡಿಕ್ಲರೇಷನ್ ಹಾಕಿದ್ದು” ಎನ್ನುವ, ಜಮೀನಿನ ಹಕ್ಕು ಕೇಳಿ ಹಾಕುತ್ತಿದ್ದ ಏಳನೇ ನಮೂನೆಯ ಅರ್ಜಿಯ ಸಂಖ್ಯೆ ಅದರ ಮೇಲಿತ್ತು. ಅರ್ಜಿ ಹಾಕಿದ ದಿನಕ್ಕೂ ಆದೇಶದ ದಿನಕ್ಕೂ ನಡುವೆ ಆರು ವರ್ಷ. ಜಾರಿಯಲ್ಲಿ ವಿಳಂಬವಾಯಿತು ಎಂದು ಅವಳು ಮೊದಲು ಮೂರು ಪುಸ್ತಕಗಳನ್ನು ಹೆಸರಿಸಿ ಬರೆದಿದ್ದ ಪ್ಯಾರಾದಲ್ಲಿ ಈಗ ಒಂದು ಪುಸ್ತಕ ಮತ್ತು ಆ ಒಂದು ಹಾಳೆ ಉಳಿದವು. ಒಂದು ಮನೆಯ ದಾಖಲೆಯಿಂದ ಇಡೀ ಜಿಲ್ಲೆಯ ಕಥೆ ಹೇಳಲಾಗದು ಎಂಬ ಸಾಲನ್ನೂ ಅವಳೇ ಸೇರಿಸಿದ್ದಳು. ಪುಸ್ತಕದಿಂದ ಜಿಲ್ಲೆಯ ಒಟ್ಟು ಸ್ಥಿತಿ ತಿಳಿಯುತ್ತಿತ್ತು, ಹಾಳೆಯಿಂದ ಒಂದು ಮನೆ ಕಾದದ್ದು ಕಾಣುತ್ತಿತ್ತು.

ಸಲ್ಲಿಸುವ ಹಿಂದಿನ ದಿನ, ಪಟ್ಟಿಯಲ್ಲಿರುವ ಒಂದೊಂದು ಆಕರದ ಮುಂದೆ ಅದು ಪ್ರಬಂಧದಲ್ಲಿ ಬಂದಿರುವ ಪುಟಸಂಖ್ಯೆಯನ್ನೂ ಅದು ಹೊತ್ತಿರುವ ಹೇಳಿಕೆಯನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ಯಾವುದರ ಮುಂದೆ ಬರೆಯಲು ಏನೂ ಸಿಗುವುದಿಲ್ಲವೋ ಅದನ್ನು ಅಂದೇ ಹೊಡೆದು ಹಾಕಿ.