ಮುಂದಿನ ಪದ ಊಹಿಸಿದರೆ ಯಂತ್ರ, ತಪ್ಪಿದರೆ ಮನುಷ್ಯ: ಎಐ ಡಿಟೆಕ್ಟರ್ ಲೆಕ್ಕ ಹಾಕುವ ಬಗೆ

ಎಐ ಬರಹವನ್ನು ಪತ್ತೆ ಮಾಡುವ ಅನೇಕ ಸಾಧನಗಳ ಒಳಗೆ ಕುಳಿತಿರುವುದೂ ಒಂದು ಭಾಷಾ ಮಾದರಿಯೇ. ನೀವು ಕೊಟ್ಟ ಬರಹವನ್ನು ಅದು ಪದಪದವಾಗಿ ಓದುತ್ತಾ, ಪ್ರತಿ ಪದದ ಮುಂದೆ ನಿಂತು ‘ಇಲ್ಲಿ ಏನು ಬರಬಹುದು’ ಎಂದು ಊಹಿಸುತ್ತದೆ. ನಿಜವಾಗಿ ಬಂದ ಪದಕ್ಕೆ ತಾನು ಎಷ್ಟು ಸಂಭವನೀಯತೆ ಕೊಟ್ಟಿದ್ದೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಉಳಿದದ್ದೆಲ್ಲ ಈ ಅಂಕಿಗಳ ಮೇಲಿನ ಲೆಕ್ಕ.

ಮೊದಲ ಲೆಕ್ಕ: ಅಚ್ಚರಿ ಎಷ್ಟು?

ಕೈಯಲ್ಲೇ ಮಾಡಿ ನೋಡೋಣ. ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎಂಬ ವಾಕ್ಯದ ಮೂರು ಪದಗಳಿಗೆ ಮಾದರಿ ಕೊಟ್ಟ ಸಂಭವನೀಯತೆ ಕ್ರಮವಾಗಿ 1/8, 1/4, 1/2 ಎಂದಿಟ್ಟುಕೊಳ್ಳಿ (ಲೆಕ್ಕಕ್ಕಾಗಿ ಆರಿಸಿಕೊಂಡ ಅಂಕಿಗಳು). ಮೂರನ್ನೂ ಗುಣಿಸಿದರೆ 1/64. ಅದನ್ನು ತಿರುಗಿಸಿದರೆ 64. ಪದಗಳು ಮೂರಾದ್ದರಿಂದ ಅದರ ಘನಮೂಲ ತೆಗೆಯಿರಿ, 4 ಸಿಗುತ್ತದೆ. ಇದೇ ಪರ್ಪ್ಲೆಕ್ಸಿಟಿ. ಪ್ರತಿ ಪದದಲ್ಲೂ ಮಾದರಿಯು ಸರಾಸರಿ ನಾಲ್ಕು ಸಮಾನ ಆಯ್ಕೆಗಳ ನಡುವೆ ತಡವರಿಸಿತು ಎಂದು ಇದರ ಅರ್ಥ.

ಈಗ ಕೊನೆಯ ಪದವನ್ನು ಮಾತ್ರ ಬದಲಿಸಿ ‘ಸೂರ್ಯ ಪೂರ್ವದಲ್ಲಿ ಕೆಮ್ಮುತ್ತಾನೆ’ ಎನ್ನಿ. ಆ ಪದಕ್ಕೆ ಸಿಕ್ಕಿದ್ದು 1/16,000 ಆಗಿದ್ದರೆ ಪರ್ಪ್ಲೆಕ್ಸಿಟಿ ಒಮ್ಮೆಲೇ 80. ಒಂದೇ ಪದ ಅಂಕಿಯನ್ನು ಇಪ್ಪತ್ತು ಪಟ್ಟು ಏರಿಸಿತು! ಕೆಲವೇ ವಾಕ್ಯಗಳ ಬರಹದ ಮೇಲೆ ತೀರ್ಪು ನಂಬಬಾರದು ಎನ್ನುವುದು ಇದಕ್ಕೇ. ಪದಗಳು ನೂರಾರಾದಾಗ ಇಂಥ ಒಂಟಿ ಜಿಗಿತ ಸರಾಸರಿಯಲ್ಲಿ ಕರಗುತ್ತದೆ.

ಯಂತ್ರದ ಬರಹದಲ್ಲಿ ಅಂಕಿ ಸಾಮಾನ್ಯವಾಗಿ ಕಡಿಮೆ ಬರುವುದಕ್ಕೆ ಕಾರಣ ಸರಳ: ಅದು ಬರೆಯುವಾಗ ಹೆಚ್ಚು ಸಂಭವನೀಯ ಪದಗಳ ಗುಂಪಿನಿಂದಲೇ ಆರಿಸಿರುತ್ತದೆ. 2019ರಲ್ಲಿ ಬಂದ ಜಿಎಲ್‌ಟಿಆರ್ ಎಂಬ ಸಾಧನ ಇದನ್ನು ಬಣ್ಣದಲ್ಲೇ ತೋರಿಸಿತು. ಮಾದರಿಯ ಮೊದಲ 10 ಊಹೆಗಳೊಳಗಿನ ಪದ ಹಸಿರು, 100ರೊಳಗಿನದು ಹಳದಿ, 1,000ದೊಳಗಿನದು ಕೆಂಪು, ಅದರಾಚೆ ನೇರಳೆ. ಯಂತ್ರದ ಬರಹ ಹಚ್ಚಹಸಿರಾಗಿ ಕಾಣುತ್ತಿತ್ತು.

ಎರಡನೆಯ ಲೆಕ್ಕ: ಏರಿಳಿತ

ಆರು ವಾಕ್ಯಗಳ ಎರಡು ಪ್ಯಾರಾ ತೆಗೆದುಕೊಳ್ಳಿ. ಒಂದರಲ್ಲಿ ವಾಕ್ಯಗಳ ಪದಸಂಖ್ಯೆ 14, 15, 13, 14, 15, 13. ಇನ್ನೊಂದರಲ್ಲಿ 4, 27, 9, 31, 2, 11. ಎರಡರ ಸರಾಸರಿಯೂ 14. ಆದರೆ ಸರಾಸರಿಯಿಂದ ವಾಕ್ಯಗಳು ಎಷ್ಟು ದೂರ ಸರಿದಿವೆ ಎಂದು ಅಳೆಯುವ ಪ್ರಮಾಣಿತ ವಿಚಲನೆ ಮೊದಲನೆಯದರಲ್ಲಿ ಸುಮಾರು 0.8, ಎರಡನೆಯದರಲ್ಲಿ 11. ಮೊದಲನೆಯದರ ಮೇಲೆ ಡಿಟೆಕ್ಟರ್‌ಗೆ ಗುಮಾನಿ ಹೆಚ್ಚು. ಕೆಲವು ಸಾಧನಗಳು ಉದ್ದದ ಬದಲು ವಾಕ್ಯದಿಂದ ವಾಕ್ಯಕ್ಕೆ ಪರ್ಪ್ಲೆಕ್ಸಿಟಿ ಹೇಗೆ ಏರಿಳಿಯುತ್ತದೆ ಎಂದು ನೋಡುತ್ತವೆ. 2023ರ ಜನವರಿಯಲ್ಲಿ ಬಂದ ಜಿಪಿಟಿಜೀರೋ ಇದಕ್ಕೆ ‘ಬರ್ಸ್ಟಿನೆಸ್’ ಎಂಬ ಹೆಸರನ್ನು ಬಳಕೆಗೆ ತಂದಿತು.

ಕೊನೆಗೆ ಎರಡೂ ಅಂಕಿಗಳನ್ನು ಒಂದು ಗಡಿರೇಖೆಯೊಂದಿಗೆ ಹೋಲಿಸಿ ಶೇಕಡಾವಾರು ತೋರಿಸಲಾಗುತ್ತದೆ. ರೇಖೆ ಎಲ್ಲಿರಬೇಕೆಂದು ತೀರ್ಮಾನಿಸುವವರು ಸಾಧನ ತಯಾರಿಸಿದವರು. ಅಂಕಿ ರೇಖೆಗಿಂತ ಕೆಳಗಿದ್ದರೆ ಯಂತ್ರ ಎಂದಾದ್ದರಿಂದ, ಅದನ್ನು ಕೆಳಗಿಳಿಸಿದರೆ ಯಂತ್ರದ ಬರಹ ನುಸುಳುತ್ತದೆ, ಮೇಲೇರಿಸಿದರೆ ಮನುಷ್ಯರು ಸಿಕ್ಕಿಬೀಳುತ್ತಾರೆ. ಓಪನ್‌ಎಐ 2023ರ ಜನವರಿಯಲ್ಲಿ ಬಿಟ್ಟ ತನ್ನದೇ ಡಿಟೆಕ್ಟರ್, ಕಂಪನಿಯೇ ಹೇಳಿದಂತೆ, ಯಂತ್ರದ ಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಗುರುತಿಸಿತು. ಮನುಷ್ಯರ ಬರಹದಲ್ಲಿ ಶೇ 9ರಷ್ಟಕ್ಕೆ ಯಂತ್ರದ ಮುದ್ರೆ ಒತ್ತಿತು. ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು.

ಎಲ್ಲಿ ಕೈಕೊಡುತ್ತದೆ

ಅಮೆರಿಕದ ಸಂವಿಧಾನವನ್ನೇ ಯಂತ್ರ ಬರೆದದ್ದೆಂದು ಡಿಟೆಕ್ಟರ್‌ಗಳು ಹೇಳಿದ್ದುಂಟು. ತರಬೇತಿಯಲ್ಲಿ ಅದನ್ನು ಮತ್ತೆ ಮತ್ತೆ ಓದಿದ ಮಾದರಿಗೆ ಪ್ರತಿ ಪದವೂ ಕಂಠಪಾಠ, ಹಾಗಾಗಿ ಅಚ್ಚರಿಯೇ ಇಲ್ಲ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರ ಗತಿ ಇನ್ನೂ ಕಷ್ಟ. ಅವರು ತಮಗೆ ಗೊತ್ತಿರುವ ಸಾಮಾನ್ಯ ಪದಗಳನ್ನೇ ಬಳಸುವುದರಿಂದ ಪರ್ಪ್ಲೆಕ್ಸಿಟಿ ಇಳಿಯುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಟೋಫೆಲ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟಾಗ ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ತಪ್ಪಾಗಿ ಯಂತ್ರದ ಲೆಕ್ಕಕ್ಕೆ ಸೇರಿದವು.

ಕನ್ನಡ ಬರಹಕ್ಕೆ ಬೇರೆಯೇ ತೊಡಕಿದೆ. ಜಿಪಿಟಿ-2ರಂಥ ಇಂಗ್ಲಿಷ್ ಮಾದರಿಗಳು ಕನ್ನಡದ ಅಕ್ಷರಗಳನ್ನು ಬೈಟ್‌ಗಳಾಗಿ ಒಡೆಯುತ್ತವೆ. ನಮ್ಮ ಲಿಪಿಯ ಪ್ರತಿ ಸಂಕೇತವೂ ಮೂರು ಬೈಟ್. ಮೊದಲನೆಯದು ಯಾವಾಗಲೂ `E0`, ಎರಡನೆಯದು `B2` ಅಥವಾ `B3`. ಎಲ್ಲ ಕಡೆ ಅದೇ ಬರುವುದರಿಂದ ಮಾದರಿ ಸುಲಭವಾಗಿ ಊಹಿಸುತ್ತದೆ, ಬರೆದವರು ಯಾರೇ ಆಗಿರಲಿ ಸರಾಸರಿ ಕೆಳಗಿಳಿಯುತ್ತದೆ. ಇಂಗ್ಲಿಷಿಗೆ ಎಳೆದ ಗಡಿರೇಖೆಯಿಂದ ಕನ್ನಡವನ್ನು ಅಳೆದರೆ ಬರುವ ಶೇಕಡಾವಾರಿಗೆ ಬೆಲೆಯಿಲ್ಲ.

ಒಂದು ಸಾಧನವನ್ನು ಬಳಸಲೇಬೇಕಾದರೆ ಮೊದಲು ಅದನ್ನೇ ಪರೀಕ್ಷಿಸಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೂ ಹಲವು ವರ್ಷ ಹಿಂದಿನ, ಅದೇ ಭಾಷೆಯ, ಅದೇ ಬಗೆಯ ಇಪ್ಪತ್ತು ಬರಹಗಳನ್ನು ಅದಕ್ಕೆ ಕೊಡಿ. ಎಷ್ಟನ್ನು ಯಂತ್ರದ್ದೆಂದು ಹೇಳುತ್ತದೋ ಎಣಿಸಿಕೊಳ್ಳಿ. ಮೂರು ಬಂದರೆ, ಯಂತ್ರ ಮುಟ್ಟದೆ ಬರೆದ ನಿಮ್ಮ ವಿದ್ಯಾರ್ಥಿಗಳಲ್ಲೂ ಸುಮಾರು ಏಳರಲ್ಲಿ ಒಬ್ಬರ ಮೇಲೆ ಅದು ಸುಳ್ಳು ಆರೋಪ ಹೊರಿಸಬಹುದು.