ಎರಡು ಫೋಟೊ, ಒಂದು ಮುಖ: ಬೆಸೆಯುವ ಮೊದಲು ಕಣ್ಣು, ಬಾಯಿ ಹೊಂದಿಸುವುದು ಹೇಗೆ?

ಗುಂಪು ಫೋಟೊದಲ್ಲಿ ಎಲ್ಲರೂ ಚೆನ್ನಾಗಿ ಬಂದಿದ್ದಾರೆ, ಒಬ್ಬರು ಮಾತ್ರ ಕಣ್ಣು ಮುಚ್ಚಿದ್ದಾರೆ. ಮರುಕ್ಷಣ ತೆಗೆದ ಇನ್ನೊಂದು ಫೋಟೊದಲ್ಲಿ ಅವರ ಕಣ್ಣು ತೆರೆದಿದೆ, ಆದರೆ ತಲೆ ಒಂದಿಷ್ಟು ವಾಲಿದೆ, ಮುಖವೂ ತುಸು ಚಿಕ್ಕದಾಗಿ ಬಂದಿದೆ. ಎರಡನೆಯ ಫೋಟೊದ ಮುಖವನ್ನು ಮೊದಲನೆಯದರ ಮೇಲೆ ಕೂರಿಸಬೇಕು. ಇಲ್ಲಿ ಹೆಚ್ಚಿನವರು ಬಣ್ಣ ಮತ್ತು ಅಂಚಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಬ್ಲೆಂಡಿಂಗ್ ತಂತ್ರ ಎಷ್ಟೇ ಒಳ್ಳೆಯದಿದ್ದರೂ ಅದು ಅಂಚಿನ ಗೆರೆಯನ್ನು ಅಳಿಸಬಲ್ಲದೇ ಹೊರತು ಜಾಗ ತಪ್ಪಿದ ಕಣ್ಣನ್ನು ಜಾಗಕ್ಕೆ ತರಲಾರದು. ಎರಡು ಸಾಲು ರೆಪ್ಪೆಗೂದಲು, ಒಂದೇ ಕಣ್ಣಿನಲ್ಲಿ ಎರಡು ಬೆಳಕಿನ ಚುಕ್ಕಿ, ಮೂಗಿನ ಕೆಳಗೆ ಪಕ್ಕಕ್ಕೆ ಸರಿದ ತುಟಿ, ಇವೆಲ್ಲ ಹೊಂದಾಣಿಕೆಯ ದೋಷಗಳು. ಅವುಗಳನ್ನು ಬೆಸೆಯುವ ಮೊದಲೇ ತೀರಿಸಿಕೊಳ್ಳಬೇಕು.

ಯಾವ ಫೋಟೊದಿಂದ ಮುಖ ತೆಗೆದುಕೊಳ್ಳುತ್ತೇವೆಯೋ ಅದನ್ನು ಮೂಲ ಎಂದೂ ಯಾವುದರ ಮೇಲೆ ಕೂರಿಸುತ್ತೇವೆಯೋ ಅದನ್ನು ಗುರಿ ಎಂದೂ ಕರೆಯೋಣ.

ಮೊದಲ ಹಂತ: ಬಿಂದುಗಳನ್ನು ಹುಡುಕುವುದು, ಆರಿಸುವುದು

ಮುಖದ ಗುರುತು ಬಿಂದುಗಳನ್ನು, ಅಂದರೆ ಲ್ಯಾಂಡ್‌ಮಾರ್ಕ್‌ಗಳನ್ನು, ಕೈಯಿಂದಲೇ ಗುರುತಿಸಬಹುದು. ಸುಲಭದ ದಾರಿ ಎಂದರೆ `dlib` ಎಂಬ ಲೈಬ್ರರಿಯ ಜೊತೆ ಬಳಸುವ 68 ಬಿಂದುಗಳ ಮಾದರಿ. ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. 0ಯಿಂದ 16ರವರೆಗೆ ದವಡೆಯ ಅಂಚು, 17ರಿಂದ 26 ಹುಬ್ಬುಗಳು, 27ರಿಂದ 35 ಮೂಗು, 36ರಿಂದ 41 ಚಿತ್ರದ ಎಡಬದಿಯ ಕಣ್ಣು, 42ರಿಂದ 47 ಬಲಬದಿಯ ಕಣ್ಣು, ಉಳಿದವು ಬಾಯಿ. ಚಿತ್ರದ ಎಡಬದಿ ಎಂದರೆ ಫೋಟೊದಲ್ಲಿರುವವರ ಬಲಗಣ್ಣು ಎಂಬುದನ್ನು ಮರೆಯಬಾರದು. ಒಂದು ಫೋಟೊ ಕನ್ನಡಿಯಂತೆ ತಿರುಗಿದ ಸೆಲ್ಫಿ ಆಗಿದ್ದರೂ ಬಿಂದುಗಳು ತಕರಾರಿಲ್ಲದೆ ಹೊಂದಿಕೊಳ್ಳುತ್ತವೆ. ಕೆನ್ನೆಯ ಮಚ್ಚೆ ಎದುರು ಬದಿಗೆ ಹೋಗಿರುವುದು ಮಾತ್ರ ಆಮೇಲೆ ಕಣ್ಣಿಗೆ ಬೀಳುತ್ತದೆ.

68 ಬಿಂದುಗಳಿವೆ ಎಂದು ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಬೇಡಿ. ದವಡೆಯ ಬಿಂದುಗಳು ಮುಖದ ಯಾವುದೋ ನಿಶ್ಚಿತ ಜಾಗವನ್ನು ತೋರಿಸುವುದಿಲ್ಲ. ತಲೆ ತುಸು ತಿರುಗಿದರೆ ಅಂಚಾಗಿ ಕಾಣುವ ಚರ್ಮವೇ ಬೇರೆ. ಹುಬ್ಬುಗಳೂ ಭಾವದೊಂದಿಗೆ ಏರಿಳಿಯುತ್ತವೆ.

ಕಣ್ಣಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅನೇಕರು ಆರೂ ಬಿಂದುಗಳ ಸರಾಸರಿ ತೆಗೆದು ಅದನ್ನೇ ಕಣ್ಣಿನ ನಡು ಎನ್ನುತ್ತಾರೆ. ಆ ಆರರಲ್ಲಿ ಎರಡು ಮೇಲ್ರೆಪ್ಪೆಯ ಮೇಲಿವೆ. ಕಣ್ಣು ಮುಚ್ಚಿದಾಗ ಅವು ಕೆಳಗಿಳಿಯುತ್ತವೆ, ಸರಾಸರಿಯೂ ಅವುಗಳ ಜೊತೆ ಕೆಳಗಿಳಿಯುತ್ತದೆ. ನಮ್ಮ ಗುರಿ ಚಿತ್ರದಲ್ಲಿ ಕಣ್ಣು ಮುಚ್ಚಿದೆ, ಮೂಲದಲ್ಲಿ ತೆರೆದಿದೆ. ಹಾಗಾಗಿ ಆ ಲೆಕ್ಕದಂತೆ ನಡೆದರೆ ತೆರೆದ ಕಣ್ಣು ಇರಬೇಕಾದ ಜಾಗಕ್ಕಿಂತ ಕೆಳಗೆ ಕೂರುತ್ತದೆ. ರೆಪ್ಪೆ ಬಡಿದರೂ ಹೆಚ್ಚು ಅಲುಗಾಡದಿರುವುದು ಕಣ್ಣಿನ ಎರಡು ಕೊನೆಗಳು. ಆದ್ದರಿಂದ ಎಡಬದಿಗೆ 36 ಮತ್ತು 39, ಬಲಬದಿಗೆ 42 ಮತ್ತು 45, ಇವುಗಳ ನಡುಬಿಂದುವನ್ನೇ ಕಣ್ಣಿನ ನಡು ಎಂದು ಹಿಡಿಯಿರಿ. ಬಾಯಿಗೂ ಹೀಗೆಯೇ ಎರಡು ಕೊನೆಗಳಾದ 48 ಮತ್ತು 54ರ ನಡುಬಿಂದು ಸಾಕು.

ಮುಂದಕ್ಕೆ ಹೋಗುವ ಮುನ್ನ ಬಿಂದುಗಳನ್ನು ಎರಡೂ ಫೋಟೊಗಳ ಮೇಲೆ ಚುಕ್ಕಿ ಇಟ್ಟು, ದೊಡ್ಡದು ಮಾಡಿ ನೋಡಿ. ದಪ್ಪ ಕನ್ನಡಕದ ಅಂಚನ್ನು ಕಣ್ಣಿನ ಕೊನೆ ಎಂದು ಮಾದರಿ ಭಾವಿಸಿರಬಹುದು. ಅಂಥ ಬಿಂದುವನ್ನು ಕೈಯಿಂದ ಸರಿಪಡಿಸುವುದೇ ಒಳ್ಳೆಯದು.

ಎರಡನೆಯ ಹಂತ: ಎಷ್ಟು ತಿರುಗಿಸಬೇಕು, ಎಷ್ಟು ಹಿಗ್ಗಿಸಬೇಕು

ಒಂದು ಉದಾಹರಣೆಯನ್ನು ಅಂಕಿಗಳಲ್ಲೇ ನೋಡೋಣ. ಚಿತ್ರದ ಎಡ ಮೇಲಿನ ಮೂಲೆ (0, 0). ಅಡ್ಡಕ್ಕೆ ಮೊದಲ ಅಂಕಿ, ಕೆಳಮುಖವಾಗಿ ಎರಡನೆಯದು. ಮೂಲದಲ್ಲಿ ಎಡಬದಿಯ ಕಣ್ಣು (210, 260), ಬಲಬದಿಯ ಕಣ್ಣು (306, 252), ಬಾಯಿ (266, 358). ಗುರಿಯಲ್ಲಿ ಇವು ಕ್ರಮವಾಗಿ (412, 300), (532, 316), (456, 426).

ಮೂಲದಲ್ಲಿ ಕಣ್ಣಿನಿಂದ ಕಣ್ಣಿಗೆ ಸುಮಾರು 96 ಪಿಕ್ಸೆಲ್, ಗುರಿಯಲ್ಲಿ 121. ಹಾಗಾಗಿ ಮೂಲವನ್ನು ಸುಮಾರು 1.26 ಪಟ್ಟು ಹಿಗ್ಗಿಸಬೇಕು. ಮೂಲದ ಕಣ್ಣುಗಳ ಸಾಲು ಬಲಕ್ಕೆ ಹೋದಂತೆ 4.8 ಡಿಗ್ರಿ ಏರುತ್ತದೆ, ಗುರಿಯ ಸಾಲು 7.6 ಡಿಗ್ರಿ ಇಳಿಯುತ್ತದೆ. ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ 12.4 ಡಿಗ್ರಿ ತಿರುಗಿಸಬೇಕು. ಆಮೇಲೆ ಎರಡು ಕಣ್ಣುಗಳ ನಡುಬಿಂದುವನ್ನು ಗುರಿಯ ನಡುಬಿಂದುವಿಗೆ ಸರಿಸಿದರೆ ಕಣ್ಣುಗಳು ಕರಾರುವಾಕ್ಕಾಗಿ ಒಂದರ ಮೇಲೊಂದು ಕೂರುತ್ತವೆ.

ಈಗ ಬಾಯಿಯನ್ನು ನೋಡಿ. ಇದೇ ಲೆಕ್ಕದಲ್ಲಿ ಮೂಲದ ಬಾಯಿ (454, 435)ರಲ್ಲಿ ಬಂದು ನಿಲ್ಲುತ್ತದೆ. ಇರಬೇಕಾದದ್ದು (456, 426). ಒಂಬತ್ತು ಪಿಕ್ಸೆಲ್ ಕೆಳಗೆ! ಎರಡೇ ಬಿಂದುಗಳಿಂದ ಹೊಂದಿಸಿದರೆ ಆಗುವುದು ಇದೇ. ಕಣ್ಣುಗಳಲ್ಲಿ ತಪ್ಪು ಸೊನ್ನೆ, ಇದ್ದ ತಪ್ಪೆಲ್ಲ ಬಾಯಿಯ ಪಾಲಿಗೆ.

ಮೂರೂ ಬಿಂದುಗಳನ್ನು ಸೇರಿಸಿ, ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಒಂದೇ ತಿರುವು, ಒಂದೇ ಅಳತೆ, ಒಂದೇ ಸರಿತವನ್ನು ಹುಡುಕಿದರೆ ಫಲ ಬೇರೆಯೇ. ನಮ್ಮ ಉದಾಹರಣೆಯಲ್ಲಿ ಹಿಗ್ಗುವಿಕೆ 1.20ಕ್ಕೆ ಇಳಿಯುತ್ತದೆ, ತಿರುವು 12.3 ಡಿಗ್ರಿ. ಕಣ್ಣುಗಳು ತಲಾ 3 ಪಿಕ್ಸೆಲ್, ಬಾಯಿ 2.5 ಪಿಕ್ಸೆಲ್ ಮಾತ್ರ ಜಾಗ ಬಿಡುತ್ತವೆ. ತಪ್ಪು ಹಂಚಿಹೋಯಿತು. ಇದಕ್ಕೆ ಬೇಕಾದ ಕೋಡ್ ಚಿಕ್ಕದು. ಪ್ರತಿ ಬಿಂದುವನ್ನು ಒಂದು ಸಂಕೀರ್ಣ ಸಂಖ್ಯೆ ಎಂದು ಭಾವಿಸಿದರೆ ತಿರುವು ಮತ್ತು ಅಳತೆ ಎರಡೂ `a` ಎಂಬ ಒಂದೇ ಸಂಖ್ಯೆಯಲ್ಲಿ ಅಡಗುತ್ತವೆ:

```python
s = src[:, 0] + 1j * src[:, 1]
t = dst[:, 0] + 1j * dst[:, 1]
s0, t0 = s.mean(), t.mean()
a = np.vdot(s - s0, t - t0) / np.vdot(s - s0, s - s0)
b = t0 - a * s0
M = np.array([[a.real, -a.imag, b.real],
              [a.imag,  a.real, b.imag]])
out = cv2.warpAffine(img, M, (W, H), flags=cv2.INTER_CUBIC)
```

`src`, `dst` ಎಂದರೆ ಮೂಲ ಮತ್ತು ಗುರಿಯ ಮೂರು ಮೂರು ಬಿಂದುಗಳು. `W`, `H` ಗುರಿ ಚಿತ್ರದ ಅಗಲ ಮತ್ತು ಎತ್ತರ. ತಿರುಗಿಸುವುದು, ಹಿಗ್ಗಿಸುವುದು, ಸರಿಸುವುದು ಎಲ್ಲವೂ ಒಂದೇ ಏಟಿಗೆ ಆಗಬೇಕು. ಬೇರೆ ಬೇರೆಯಾಗಿ ಮಾಡಿದರೆ ಪ್ರತಿ ಬಾರಿಯೂ ಪಿಕ್ಸೆಲ್‌ಗಳನ್ನು ಹೊಸದಾಗಿ ಅಂದಾಜಿಸಬೇಕಾಗುತ್ತದೆ, ರೆಪ್ಪೆಗೂದಲಿನಂಥ ನವಿರು ವಿವರ ಪ್ರತಿ ಬಾರಿಯೂ ಒಂದಿಷ್ಟು ಮಸುಕಾಗುತ್ತದೆ.

ಓಪನ್‌ಸಿವಿಯಲ್ಲಿ ಇದಕ್ಕಾಗಿಯೇ `estimateAffinePartial2D` ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಬೇರೇನೂ ಹೇಳದಿದ್ದರೆ ಅದು ರ‍್ಯಾನ್‌ಸ್ಯಾಕ್ ವಿಧಾನವನ್ನು ಅನುಸರಿಸುತ್ತದೆ. 3 ಪಿಕ್ಸೆಲ್‌ಗಿಂತ ಹೆಚ್ಚು ಹೊಂದದ ಬಿಂದುಗಳನ್ನು ತಪ್ಪು ಬಿಂದುಗಳೆಂದು ಲೆಕ್ಕದಿಂದ ಹೊರಗಿಡುತ್ತದೆ. ಕಣ್ಣಿನ ನಾಲ್ಕು ಕೊನೆಗಳು ಪರಸ್ಪರ ಹೊಂದಿಕೊಂಡು ಬಾಯಿಯ ಕೊನೆಗಳು ಹೊರಬಿದ್ದರೆ, ನಾವು ಬಿಟ್ಟುಬಂದ ಒಂಬತ್ತು ಪಿಕ್ಸೆಲ್ ತಪ್ಪೇ ಸದ್ದಿಲ್ಲದೆ ಮರಳಿ ಬರುತ್ತದೆ. ಸಾವಿರಾರು ಬಿಂದುಗಳಿರುವ ಕೆಲಸಕ್ಕೆ ಆ ವಿಧಾನ ಸರಿ, ಕೈಯಾರೆ ಆರಿಸಿದ ಬೆರಳೆಣಿಕೆಯ ಬಿಂದುಗಳಿಗೆ ಅಲ್ಲ.

ಉಳಿದ ತಪ್ಪು ಏನು ಹೇಳುತ್ತದೆ

ತಪ್ಪನ್ನು ಹಂಚಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಅದು ಎಲ್ಲಿಂದ ಬಂತು ಎಂದು ತಿಳಿಯಬೇಕು. ತಪ್ಪನ್ನು ಪಿಕ್ಸೆಲ್‌ನಲ್ಲಿ ನೋಡುವುದಕ್ಕಿಂತ ಕಣ್ಣುಗಳ ನಡುವಿನ ಅಂತರದ ಪಾಲಾಗಿ ನೋಡುವುದು ಲೇಸು. 121ರಲ್ಲಿ 3 ಎಂದರೆ ಶೇ 2.5. ಶೇ 3ರೊಳಗಿದ್ದರೆ ನಾನು ಮುಂದುವರಿಯುತ್ತೇನೆ, ಶೇ 5 ದಾಟಿದರೆ ನಿಂತು ನೋಡುತ್ತೇನೆ.

ನೋಡಬೇಕಾದದ್ದು ಮೂಗಿನ ತಳದ ನಡುವಿನ 33ನೆಯ ಬಿಂದುವನ್ನು. ಇದನ್ನು ನಾವು ಲೆಕ್ಕಕ್ಕೆ ಸೇರಿಸಿಲ್ಲವಾದ್ದರಿಂದ ಇದು ನಿಷ್ಪಕ್ಷಪಾತ ಸಾಕ್ಷಿ. ಕಣ್ಣುಗಳಿಂದ ಮಾತ್ರ ಹೊಂದಿಸಿದಾಗ ಮೂಗು ಸರಿಯಾಗಿ ಕೂತು ಬಾಯಿ ಮಾತ್ರ ಜಾರಿದ್ದರೆ ಕಾರಣ ಭಾವ. ಒಂದರಲ್ಲಿ ನಗು ಬಾಯಿಯ ಕೊನೆಗಳನ್ನು ಮೇಲೆತ್ತಿದೆ. ಆಗ ಬಾಯಿಯನ್ನು ಹೊಂದಿಸಲು ಹೋಗಬೇಡಿ. ಕಣ್ಣಿನ ಕೊನೆಗಳು ಮತ್ತು ಮೂಗಿನ ಸೇತುವೆಯ 27ರಿಂದ 30ರ ಬಿಂದುಗಳಿಂದ ಹೊಂದಿಸಿ, ಮೂಲದಿಂದ ಕಣ್ಣುಗಳ ಭಾಗವನ್ನಷ್ಟೇ ತೆಗೆದುಕೊಳ್ಳಿ, ಬಾಯಿ ಗುರಿಯದ್ದೇ ಇರಲಿ. ಮುಚ್ಚಿದ ಕಣ್ಣನ್ನು ತೆರೆಸುವ ನಮ್ಮ ಕೆಲಸಕ್ಕೆ ಇದೇ ಅತ್ಯುತ್ತಮ ದಾರಿ.

ಮೂಗೂ ಜಾಗ ತಪ್ಪಿದ್ದರೆ ತಲೆ ಮೇಲಕ್ಕೋ ಕೆಳಕ್ಕೋ ಬಾಗಿದೆ. ಅಲ್ಪಸ್ವಲ್ಪ ಬಾಗಿದ್ದರೆ ಮುಖವನ್ನು ಬಿಂದುಗಳ ನಡುವಿನ ತ್ರಿಕೋನಗಳಾಗಿ ಒಡೆದು ಒಂದೊಂದು ತ್ರಿಕೋನವನ್ನೂ ಬೇರೆಯಾಗಿ ಹೊಂದಿಸಬಹುದು. ಎಲ್ಲ ಬಿಂದುಗಳೂ ಜಾಗಕ್ಕೆ ಬರುತ್ತವೆ. ಆದರೆ ಅದರಿಂದ ಮೂಲದ ಮುಖದ ಆಕಾರವೇ ಗುರಿಯದ್ದಾಗುತ್ತದೆ, ಒಂದು ಬಿಂದು ತಪ್ಪಿದ್ದರೂ ಆ ಜಾಗದ ಚರ್ಮ ಎಳೆದಂತೆ ಕಾಣುತ್ತದೆ.

ತಲೆ ಪಕ್ಕಕ್ಕೆ ತಿರುಗಿದ್ದರೆ ಈ ಯಾವುದೂ ನಡೆಯದು. ಮೂಗಿನ ತುದಿಯಿಂದ (30) ಎರಡು ಕಣ್ಣುಗಳ ಹೊರಗಿನ ಕೊನೆಗಳಿಗೆ (36, 45) ಇರುವ ದೂರವನ್ನು ಅಳೆಯಿರಿ. ಒಂದು ಫೋಟೊದಲ್ಲಿ ಅವು ಸಮವಾಗಿದ್ದು ಇನ್ನೊಂದರಲ್ಲಿ ಒಂದು ದೂರ ಇನ್ನೊಂದರ ಒಂದೂವರೆ ಪಟ್ಟು ಇದ್ದರೆ ಆ ಮೂಲವನ್ನು ಕೈಬಿಟ್ಟು ಬೇರೆ ಫೋಟೊ ಹುಡುಕಿ. ಮರೆಯಾಗಿರುವ ಕೆನ್ನೆಯನ್ನು ಯಾವ ಲೆಕ್ಕವೂ ತಂದುಕೊಡುವುದಿಲ್ಲ.

ಮೂರನೆಯ ಹಂತ: ಬೆಸೆಯುವಾಗ ಮತ್ತೆ ಜರುಗದಂತೆ

ಹೊಂದಿಸಿದ ಮುಖವನ್ನು ಅರೆಪಾರದರ್ಶಕವಾಗಿ ಗುರಿಯ ಮೇಲಿಟ್ಟು ನೋಡಿ, ಆಮೇಲೆ ಎರಡನ್ನೂ ಒಂದರ ನಂತರ ಒಂದರಂತೆ ಬೇಗಬೇಗನೆ ಬದಲಿಸುತ್ತ ನೋಡಿ. ಸ್ಥಿರ ಚಿತ್ರದಲ್ಲಿ ಕಾಣದ ಎರಡು ಪಿಕ್ಸೆಲ್ ಜರುಗು ಹೀಗೆ ಬದಲಿಸುವಾಗ ಥಟ್ಟನೆ ಕಾಣುತ್ತದೆ.

ಕೊನೆಯ ಅಪಾಯ ಓಪನ್‌ಸಿವಿಯ `seamlessClone`ನಲ್ಲಿದೆ. ಅದು ನಿಮ್ಮಿಂದ ಒಂದು ನಡುಬಿಂದುವನ್ನು ಕೇಳುತ್ತದೆ. ಮುಖದ ನಡುವನ್ನೋ ಮೂಗಿನ ತುದಿಯನ್ನೋ ಕೊಟ್ಟರೆ ಅಷ್ಟು ಹೊತ್ತು ಹೊಂದಿಸಿದ್ದೆಲ್ಲ ವ್ಯರ್ಥ. ಏಕೆಂದರೆ ಅದು ಮಾಸ್ಕ್‌ನ, ಅಂದರೆ ಬೆಸೆಯಬೇಕಾದ ಭಾಗವನ್ನು ಗುರುತಿಸುವ ಆಕಾರದ, ಸುತ್ತ ಎಳೆಯಬಹುದಾದ ಆಯತದ ನಡುವನ್ನು ನೀವು ಕೊಟ್ಟ ಬಿಂದುವಿನ ಮೇಲೆ ತಂದಿಡುತ್ತದೆ. ಮಾಸ್ಕ್ ಈಗಾಗಲೇ ಸರಿಯಾದ ಜಾಗದಲ್ಲಿರುವುದರಿಂದ ಅದೇ ಆಯತದ ನಡುವನ್ನು ಕೊಡಬೇಕು:

```python
x, y, w, h = cv2.boundingRect(mask)
center = (x + w // 2, y + h // 2)
res = cv2.seamlessClone(out, target, mask, center, cv2.NORMAL_CLONE)
```

ಮಾಸ್ಕ್‌ನ ಅಂಚು ಹುಬ್ಬಿನ ಅಥವಾ ತುಟಿಯ ಮೇಲೆ ಹಾಯದೆ ಬರಿಯ ಚರ್ಮದ ಮೇಲೆ ಹಾಯಲಿ. ಬೆಸೆದಾದ ಮೇಲೆ ಫಲಿತ ಚಿತ್ರದಲ್ಲಿ ಗುರುತು ಬಿಂದುಗಳನ್ನು ಇನ್ನೊಮ್ಮೆ ಹುಡುಕಿಸಿ, `out`ನಲ್ಲಿದ್ದ ಕಣ್ಣಿನ ಕೊನೆಗಳೊಂದಿಗೆ ಹೋಲಿಸಿ. ವ್ಯತ್ಯಾಸ ಒಂದೆರಡು ಪಿಕ್ಸೆಲ್ ಇದ್ದು ದಿಕ್ಕು ಒಂದೊಂದಕ್ಕೆ ಒಂದೊಂದಾಗಿದ್ದರೆ ಅದು ಪತ್ತೆಯ ಅಲುಗಾಟ, ಬಿಟ್ಟುಬಿಡಿ. ನಾಲ್ಕೂ ಕೊನೆಗಳು ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಬಿಂದುಗಳನ್ನು ಮುಟ್ಟಬೇಡಿ, `center` ಲೆಕ್ಕವನ್ನು ಮತ್ತೆ ನೋಡಿ.