ಅರ್ಜಿಗಿಂತ ಮೊದಲು ಹುಡುಕಬೇಕಾದ್ದು ಫೆಸಿಲಿಟೇಟರನ್ನು: ನೆದರ್‌ಲ್ಯಾಂಡ್ಸ್ ಸ್ಟಾರ್ಟಪ್ ವೀಸಾದ ನನ್ನ ಅನುಭವ

ನೆದರ್‌ಲ್ಯಾಂಡ್ಸ್‌ನಲ್ಲಿ ಎಂ.ಎಸ್‌ಸಿ. ಮುಗಿಸಿದಾಗ ನನ್ನ ಕೈಯಲ್ಲಿ ಇದ್ದದ್ದು ಒಂದು ಪದವಿ ಮತ್ತು ಅರ್ಧಂಬರ್ಧ ಕೆಲಸ ಮಾಡುವ ಒಂದು ಫೋನ್ ಆ್ಯಪ್. ಗಾಜಿನ ಮನೆಗಳಲ್ಲಿ ಹೂ ಬೆಳೆಯುವವರು ಕೀಟಗಳ ಲೆಕ್ಕ ಇಡಲು ಹಳದಿ ಅಂಟು ಹಾಳೆಗಳನ್ನು ತೂಗುಹಾಕಿರುತ್ತಾರೆ. ವಾರಕ್ಕೊಮ್ಮೆ ಯಾರಾದರೂ ಭೂತಗನ್ನಡಿ ಹಿಡಿದು ಆ ಹಾಳೆಗೆ ಅಂಟಿದ ಬಿಳಿನೊಣಗಳನ್ನು ಎಣಿಸಬೇಕು. ಹಾಳೆಯ ಫೋಟೊ ತೆಗೆದರೆ ನನ್ನ ಆ್ಯಪ್ ಎಣಿಸಿ ಕೊಡುತ್ತಿತ್ತು. ಇದನ್ನೇ ಅಲ್ಲಿ ವ್ಯಾಪಾರ ಮಾಡಬೇಕೆಂದು ಹೊರಟೆ.

ಓದು ಮುಗಿಸಿದವರಿಗೆ ಅಲ್ಲಿ ಮೊದಲು ಸಿಗುವುದು ‘ಝೂಕ್‌ಯಾರ್’, ಅಂದರೆ ಹುಡುಕಾಟದ ವರ್ಷ ಎಂಬ ವಾಸದ ಪರವಾನಗಿ. ಪದವಿ ಪಡೆದ 3 ವರ್ಷದೊಳಗೆ ಅರ್ಜಿ ಹಾಕಬಹುದು, ಅವಧಿ 1 ವರ್ಷ, ವಿಸ್ತರಣೆ ಇಲ್ಲ. ಇದರ ದೊಡ್ಡ ಅನುಕೂಲವೆಂದರೆ ಆ ಒಂದು ವರ್ಷ ಸಂಬಳದ ಕೆಲಸವನ್ನೂ ಮಾಡಬಹುದು, ಸ್ವಂತ ವ್ಯಾಪಾರವನ್ನೂ ಮಾಡಬಹುದು, ಯಾರ ಅಪ್ಪಣೆಯೂ ಬೇಡ. ನನ್ನ ಜೊತೆ ಓದಿದವರಲ್ಲಿ ವ್ಯಾಪಾರದ ಯೋಚನೆ ಇದ್ದವರು ಹೆಚ್ಚಿನವರು ಈ ವರ್ಷವನ್ನು ಕೆಲಸ ಹುಡುಕುವುದರಲ್ಲೇ ಕಳೆದು, ಕೊನೆಯ ತಿಂಗಳಲ್ಲಿ ‘ಸ್ಟಾರ್ಟಪ್ ವೀಸಾ ನೋಡೋಣ’ ಅಂದರು. ಆಗ ನೋಡಲು ಏನೂ ಉಳಿದಿರಲಿಲ್ಲ. ಆ ವೀಸಾಕ್ಕೆ ಬೇಕಾದ ಮುಖ್ಯ ಕಾಗದ ಸರ್ಕಾರಿ ಕಚೇರಿಯಲ್ಲಿ ಸಿಗುವಂಥದ್ದಲ್ಲ, ಅದು ಒಬ್ಬ ಮನುಷ್ಯನಿಂದ ಬರಬೇಕು.

ಆ ಮನುಷ್ಯನೇ ಫೆಸಿಲಿಟೇಟರ್. 2015ರಲ್ಲಿ ಈ ಯೋಜನೆ ಶುರುವಾದಾಗಿನಿಂದಲೂ ನಿಯಮ ಇಷ್ಟೇ: ಹೊಸಬ ಒಬ್ಬನೇ ಬರುವಂತಿಲ್ಲ, ಅನುಭವವಿರುವ ಸ್ಥಳೀಯ ಮಾರ್ಗದರ್ಶಕ ಸಂಸ್ಥೆಯೊಂದರ ಜೊತೆ ಸಹಿ ಮಾಡಿದ ಒಪ್ಪಂದ ಇರಬೇಕು. ಒಪ್ಪಿಗೆ ಪಡೆದ ಫೆಸಿಲಿಟೇಟರ್‌ಗಳ ಪಟ್ಟಿ ಉದ್ಯಮ ಇಲಾಖೆಯಾದ ಆರ್‌ವಿಒ ಬಳಿ ಇರುತ್ತದೆ. ಫೆಸಿಲಿಟೇಟರ್ ನಿಮ್ಮ ಕಂಪನಿಯಲ್ಲಿ ಪಾಲು ಹೊಂದಿರಬಹುದು, ಆದರೆ ಬಹುಪಾಲು ಅವರದ್ದಾಗಿರಬಾರದು. ಹತ್ತಿರದ ಸಂಬಂಧಿಯೂ ಆಗಿರಬಾರದು. ಅರ್ಜಿ ಹಾಕುವುದು ವಲಸೆ ಇಲಾಖೆಯಾದ ಐಎನ್‌ಡಿಗೆ. ಯೋಜನೆಯಲ್ಲಿ ಹುರುಳಿದೆಯೇ ಎಂದು ಐಎನ್‌ಡಿಗೆ ಸಲಹೆ ಕೊಡುವುದು ಆರ್‌ವಿಒ.

ಪಟ್ಟಿಯಲ್ಲಿದ್ದ ಮೊದಲ ಸಂಸ್ಥೆ ನನಗೆ ಒಂದೇ ವಾರದಲ್ಲಿ ‘ಆಗಲಿ’ ಅಂದಿತು. ಕುಣಿದಾಡಿಬಿಟ್ಟೆ. ಒಪ್ಪಂದದ ಕರಡು ಬಂತು: ಎರಡು ಪುಟ, ಅದರಲ್ಲಿ ಒಂದೂವರೆ ಪುಟ ನಾನು ತಿಂಗಳಿಗೆ ಎಷ್ಟು ಕಟ್ಟಬೇಕು, ತಡವಾದರೆ ಏನು ಎಂಬುದು. ಅವರು ನನಗೆ ಏನು ಮಾಡುತ್ತಾರೆ ಎನ್ನುವಲ್ಲಿ ‘ಅಗತ್ಯ ಬೆಂಬಲ ನೀಡುವುದು’ ಎಂಬ ಒಂದೇ ಸಾಲು. ಯಾರು, ವಾರಕ್ಕೆ ಎಷ್ಟು ಹೊತ್ತು, ಯಾವ ವಿಷಯದಲ್ಲಿ ಎಂದು ಕೇಳಿದೆ. ‘ನಿಮ್ಮಂಥವರು ಇಪ್ಪತ್ತು ಜನ ಇದ್ದಾರೆ, ಯಾರೂ ಇಷ್ಟು ಕೇಳಿಲ್ಲ’ ಎಂಬ ಉತ್ತರ ಬಂತು. ಸಹಿ ಹಾಕಲಿಲ್ಲ. ಆಗ ಏಪ್ರಿಲ್ ನಡೆಯುತ್ತಿತ್ತು, ನನ್ನ ಝೂಕ್‌ಯಾರ್ ಸೆಪ್ಟೆಂಬರ್‌ಗೆ ಮುಗಿಯುವುದಿತ್ತು. ಹೊಟ್ಟೆಯಲ್ಲಿ ಚಿಟ್ಟೆಯಲ್ಲ, ಕಲ್ಲು ಬಿದ್ದಂತಾಗಿತ್ತು.

ಆದರೂ ಅದು ಸರಿಯೇ ಆಯಿತು. ಫೆಸಿಲಿಟೇಟರ್ ಬೇಕಾಗುವುದು ಒಳಗೆ ಬರುವಾಗ ಒಮ್ಮೆ ಮಾತ್ರವಲ್ಲ, ವರ್ಷದ ಕೊನೆಗೆ ಇನ್ನೊಮ್ಮೆ. ಸ್ಟಾರ್ಟಪ್ ವೀಸಾದಲ್ಲಿ ಸಿಗುವ ವಾಸದ ಪರವಾನಗಿಯ ಅವಧಿಯೂ 1 ವರ್ಷವೇ, ಅದಕ್ಕೂ ವಿಸ್ತರಣೆ ಇಲ್ಲ. ಮುಗಿಯುವ ಮೊದಲು ಸ್ವಯಂ ಉದ್ಯೋಗಿಯ ಪರವಾನಗಿಗೆ ದಾಟಿಕೊಳ್ಳಬೇಕು. ಹೊರಗಿನಿಂದ ನೇರವಾಗಿ ಆ ಪರವಾನಗಿ ಕೇಳುವವರಿಗೆ ಅನುಭವ, ಬಿಸಿನೆಸ್ ಪ್ಲಾನ್, ದೇಶದ ಆರ್ಥಿಕತೆಗೆ ಆಗುವ ಲಾಭ ಎಂಬ ಮೂರು ಭಾಗಗಳಲ್ಲಿ ಒಟ್ಟು 300 ಅಂಕಗಳ ಪರೀಕ್ಷೆ ಇದೆ. ಆಗಷ್ಟೇ ಓದು ಮುಗಿಸಿದವನಿಗೆ ಅನುಭವದ ಭಾಗದಲ್ಲಿ ಏನು ಸಿಕ್ಕೀತು? ಸ್ಟಾರ್ಟಪ್ ವರ್ಷವನ್ನು ಸರಿಯಾಗಿ ನಡೆಸಿದವನಿಗೆ ಮಾತ್ರ ಆ ಅಂಕಗಳ ಬದಲು ಫೆಸಿಲಿಟೇಟರ್ ಬರೆದುಕೊಡುವ ಹೇಳಿಕೆ ಸಾಕು. ಇಪ್ಪತ್ತು ಜನರ ನಡುವೆ ನನ್ನ ಹೆಸರೂ ನೆನಪಿರದ ಸಂಸ್ಥೆ ಆ ಹೇಳಿಕೆಯನ್ನು ಏನೆಂದು ಬರೆಯುತ್ತಿತ್ತು?

ಎರಡನೆಯ ಫೆಸಿಲಿಟೇಟರ್ ಸಿಕ್ಕಿದ್ದು ಪಟ್ಟಿಯನ್ನು ಬೇರೆ ಥರ ಓದಿದ್ದರಿಂದ. ‘ಯಾರು ಬೇಗ ಒಪ್ಪುತ್ತಾರೆ’ ಎಂದು ನೋಡುವುದನ್ನು ಬಿಟ್ಟು ‘ಯಾರಿಗೆ ಗಾಜಿನ ಮನೆ ಗೊತ್ತು’ ಎಂದು ನೋಡಿದೆ. ಸಿಕ್ಕವರು ಒಂದು ಕಾಲದಲ್ಲಿ ತಾವೇ ಜರ್ಬೆರಾ ಬೆಳೆದವರು. ನನ್ನ ಹನ್ನೆರಡು ಪುಟದ ಪ್ಲಾನ್ ಓದಿ ಮೊದಲ ಭೇಟಿಯಲ್ಲೇ ಕೇಳಿದರು: ‘ಹಾಳೆ ಓದುವ ಕ್ಯಾಮೆರಾ ಇಲ್ಲಿ ಆಗಲೇ ಮಾರುತ್ತಿದ್ದಾರೆ. ನಿಮ್ಮದರಲ್ಲಿ ಹೊಸದು ಯಾವುದು?’

ಈ ಪ್ರಶ್ನೆಯೇ ಅರ್ಜಿಯ ಜೀವ. ನಿಯಮದ ಪ್ರಕಾರ ‘ಹೊಸತನ’ ಮೂರು ಥರ ಇರಬಹುದು. ವಸ್ತು ಅಥವಾ ಸೇವೆ ಈ ದೇಶಕ್ಕೆ ಹೊಸದಾಗಿರಬಹುದು. ತಯಾರಿಸುವ, ತಲುಪಿಸುವ ಅಥವಾ ಮಾರುವ ವಿಧಾನದಲ್ಲಿ ಹೊಸ ತಂತ್ರಜ್ಞಾನ ಇರಬಹುದು. ಇಲ್ಲವೇ ಸಂಸ್ಥೆಯನ್ನು ಕಟ್ಟುವ, ಕೆಲಸ ನಡೆಸುವ ರೀತಿ ಹೊಸದಾಗಿರಬಹುದು. ನಾನು ಮೊದಲನೆಯದಕ್ಕೇ ಜೋತುಬಿದ್ದಿದ್ದೆ, ಅದು ನಿಲ್ಲುವಂತಿರಲಿಲ್ಲ. ಅವರು ನನ್ನನ್ನು ಒಂದು ಸಣ್ಣ ಗಾಜಿನ ಮನೆಗೆ ಕರೆದುಕೊಂಡು ಹೋದರು. ಹೂ ಕೀಳುವವರು ತಳ್ಳುವ ಗಾಡಿ ದಿನಾ ಪ್ರತಿ ಸಾಲಿನಲ್ಲೂ ಹೋಗಿಬರುತ್ತದೆ. ‘ಆ ಗಾಡಿಗೆ ಒಂದು ಹಳೆಯ ಫೋನ್ ಕಟ್ಟಿ ನೋಡಿ’ ಅಂದರು. ಸಣ್ಣ ಬೆಳೆಗಾರ ಸಾಲಿಗೊಂದು ಕ್ಯಾಮೆರಾ ಕೊಳ್ಳಲಾರ, ಆದರೆ ಗಾಡಿ ಅವನ ಬಳಿ ಇದ್ದೇ ಇದೆ. ಅವನು ಯಂತ್ರಕ್ಕೆ ದುಡ್ಡು ಕೊಡುವುದಿಲ್ಲ, ಓದಿದ ಹಾಳೆಗೆ ಇಷ್ಟು ಎಂದು ಕೊಡುತ್ತಾನೆ. ಹೀಗೆ ನಮ್ಮ ಹೊಸತನ ಎಣಿಸುವುದರಿಂದ ತಲುಪಿಸುವ ವಿಧಾನಕ್ಕೆ ಜರುಗಿತು. ಈಗಾಗಲೇ ಮಾರುಕಟ್ಟೆಯಲ್ಲಿ ಇರುವವರು ಯಾರು, ನಾವು ಅವರಿಗಿಂತ ಹೇಗೆ ಬೇರೆ ಎಂದು ಒಂದು ಪುಟ ಮುಚ್ಚುಮರೆಯಿಲ್ಲದೆ ಬರೆದೆವು. ಸ್ಪರ್ಧಿಗಳೇ ಇಲ್ಲ ಎಂದು ಬರೆಯುವ ಪ್ಲಾನ್ ನನಗೆ ಈಗಲೂ ಅನುಮಾನದ್ದು.

ಐಎನ್‌ಡಿ ಕೇಳುವುದು ಬರೀ ಬಿಸಿನೆಸ್ ಪ್ಲಾನ್ ಅಲ್ಲ, ಹಂತಗಳ ಯೋಜನೆ. ಕಲ್ಪನೆ ಇರುವಲ್ಲಿಂದ ವ್ಯಾಪಾರ ಆಗುವ ತನಕ ಒಂದು ವರ್ಷದಲ್ಲಿ ಏನೇನು ಮಾಡುತ್ತೀರಿ, ಸಂಸ್ಥೆಯ ರೂಪ ಯಾವುದು, ಯಾರ ಪಾಲು ಎಷ್ಟು, ಹಣ ಎಲ್ಲಿಂದ ಎಂಬುದೆಲ್ಲ ಅದರಲ್ಲಿ ಬರಬೇಕು. ನನ್ನ ಮೊದಲ ಕರಡಿನಲ್ಲಿ ಮೂರನೆಯ ತಿಂಗಳಿಗೆ ‘ಮಾರುಕಟ್ಟೆ ಸಂಶೋಧನೆ’ ಎಂದಿತ್ತು. ಫೆಸಿಲಿಟೇಟರ್ ಅದನ್ನು ಹೊಡೆದುಹಾಕಿ ‘ಮೂವರು ಬೆಳೆಗಾರರ ಬಳಿ ಆರು ವಾರ ಪರೀಕ್ಷೆ, ಕೈಯಲ್ಲಿ ಎಣಿಸಿದ್ದಕ್ಕೂ ಆ್ಯಪ್ ಎಣಿಸಿದ್ದಕ್ಕೂ ವ್ಯತ್ಯಾಸದ ಪಟ್ಟಿ’ ಎಂದು ಬರೆಸಿದರು. ಪ್ರತಿ ಹಂತದ ಕೊನೆಗೆ ಕೈಗೆ ಸಿಗುವ ವಸ್ತುವೊಂದು ಇರಬೇಕು ಎಂಬುದು ಅವರ ಹಟ. ವರ್ಷದ ಕೊನೆಯಲ್ಲಿ ‘ಯೋಜನೆಯಂತೆ ನಡೆದಿದ್ದಾನೆ’ ಎಂದು ಅವರೇ ಬರೆದುಕೊಡಬೇಕಿತ್ತಲ್ಲ, ಆಗ ತೋರಿಸಲು ಆ ಪಟ್ಟಿಗಳೇ ಆಧಾರವಾದವು.

ವ್ಯಾಪಾರದ ನೋಂದಣಿ, ಅಂದರೆ ಕೆವಿಕೆ ಎಂಬ ವಾಣಿಜ್ಯ ಮಂಡಳಿಯಲ್ಲಿ ಹೆಸರು ಬರೆಸುವುದು, ಝೂಕ್‌ಯಾರ್‌ನಲ್ಲೇ ಮುಗಿಯಿತು. ನಾನು ಒಬ್ಬನೇ ಇದ್ದದ್ದರಿಂದ ‘ಈನ್‌ಮಾನ್ಸ್‌ಝಾಕ್’ ಎಂಬ ಏಕವ್ಯಕ್ತಿ ಸಂಸ್ಥೆ ಸಾಕೆನಿಸಿತು. ಇದಕ್ಕೆ ನೋಟರಿ ಬೇಡ, ಆದರೆ ಸಾಲವಾದರೆ ಅದು ನೇರ ನನ್ನ ತಲೆಯ ಮೇಲೇ. ತೊಡಕಾದದ್ದು ವಿಳಾಸ. ನಾನಿದ್ದ ಬಾಡಿಗೆ ಕೋಣೆಯ ಕರಾರಿನಲ್ಲಿ ಅಲ್ಲಿಂದ ವ್ಯಾಪಾರ ಮಾಡುವಂತಿಲ್ಲ ಎಂದಿತ್ತು. ಕೊನೆಗೆ ಫೆಸಿಲಿಟೇಟರ್ ತಮ್ಮ ಕಚೇರಿಯಲ್ಲಿ ಒಂದು ಮೇಜು ಕೊಟ್ಟು, ಅದನ್ನೂ ಒಪ್ಪಂದದಲ್ಲಿ ಬರೆದರು.

ಹಣದ ವಿಷಯದಲ್ಲಿ ಕೂದಲೆಳೆಯಲ್ಲಿ ಪಾರಾದೆ. ಒಂದು ವರ್ಷ ಬದುಕಲು ಸಾಕಾಗುವಷ್ಟು ಹಣ ಇದೆ ಎಂದು ತೋರಿಸಬೇಕು: ಸರ್ಕಾರ ನಿಗದಿ ಮಾಡಿದ ತಿಂಗಳ ಮೊತ್ತದ ಹನ್ನೆರಡು ಪಟ್ಟು. ಜೂನ್‌ನಲ್ಲಿ ಲೆಕ್ಕ ಹಾಕಿ ಅಷ್ಟನ್ನೂ ಒಂದೇ ಖಾತೆಗೆ ಸೇರಿಸಿಟ್ಟಿದ್ದೆ. ಆ ಮೊತ್ತ ಕನಿಷ್ಠ ವೇತನಕ್ಕೆ ಅಂಟಿಕೊಂಡದ್ದು. ಕನಿಷ್ಠ ವೇತನ ಜನವರಿ 1 ಮತ್ತು ಜುಲೈ 1ಕ್ಕೆ ಬದಲಾಗುತ್ತದೆ. ಜುಲೈ ಎರಡನೆಯ ವಾರ ಅರ್ಜಿ ಹಾಕುವ ಹಿಂದಿನ ರಾತ್ರಿ ಸುಮ್ಮನೆ ಮತ್ತೊಮ್ಮೆ ಐಎನ್‌ಡಿ ಪುಟ ತೆರೆದರೆ ಮೊತ್ತ ಏರಿ ಕೂತಿತ್ತು. ತಿಂಗಳಿಗೆ ಸಣ್ಣ ವ್ಯತ್ಯಾಸವೇ, ಆದರೆ ಹನ್ನೆರಡರಿಂದ ಗುಣಿಸಿದರೆ ನನ್ನ ಖಾತೆಯಲ್ಲಿ ಅಷ್ಟು ಇರಲಿಲ್ಲ. ನಾಲ್ಕು ದಿನ ಕಾದು, ಕೊಡಬೇಕಾದವರಿಂದ ಬಾಕಿ ವಸೂಲು ಮಾಡಿ, ಹೊಸ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಆಮೇಲೆ ಹಾಕಿದೆ.

ಸೆಪ್ಟೆಂಬರ್ ಕೊನೆಗೆ ಒಪ್ಪಿಗೆಯ ಪತ್ರ ಬಂತು. ಆ ಪತ್ರ ಓದಿದಾಗ ತಿಳಿದದ್ದು ಯಾರೂ ನನಗೆ ಹೇಳಿರದ ಸಂಗತಿ: ನನ್ನ ಒಂದು ವರ್ಷದ ಲೆಕ್ಕ ಶುರುವಾದದ್ದು ಪತ್ರ ಬಂದ ದಿನದಿಂದಲ್ಲ, ಜುಲೈನಲ್ಲಿ ಅರ್ಜಿ ಕೊಟ್ಟ ದಿನದಿಂದ. ಹತ್ತು ವಾರ ಆಗಲೇ ಕರಗಿಹೋಗಿತ್ತು. ಉತ್ತರ ಬರಲಿ ಎಂದು ಕೈಕಟ್ಟಿ ಕೂತಿದ್ದರೆ ಮೂರನೆಯ ತಿಂಗಳ ಪರೀಕ್ಷೆ ಐದನೆಯ ತಿಂಗಳಿಗೆ ಹೋಗುತ್ತಿತ್ತು. ಅದೃಷ್ಟಕ್ಕೆ ಫೆಸಿಲಿಟೇಟರ್ ಆಗಸ್ಟ್‌ನಲ್ಲೇ ನನ್ನನ್ನು ಗಾಜಿನ ಮನೆಗೆ ಅಟ್ಟಿದ್ದರು.

ಇನ್ನೊಂದು ಬದಲಾವಣೆ ಜೇಬಿಗೇ ತಾಗಿತು. ಝೂಕ್‌ಯಾರ್‌ನಲ್ಲಿ ವಾರಕ್ಕೆ ಎರಡು ದಿನ ಸಂಬಳಕ್ಕೆ ದುಡಿಯುತ್ತಿದ್ದೆ. ಸ್ಟಾರ್ಟಪ್ ಪರವಾನಗಿಯಲ್ಲಿ ಸ್ವಂತ ವ್ಯಾಪಾರ ಮಾಡಬಹುದು, ಆದರೆ ಇನ್ನೊಬ್ಬರ ಬಳಿ ಸಂಬಳಕ್ಕಿರಲು ಆ ಮಾಲೀಕರು ಪ್ರತ್ಯೇಕ ಕೆಲಸದ ಅನುಮತಿ ತರಬೇಕು. ಎರಡು ದಿನದ ನೌಕರಿಗೆ ಯಾರು ತರುತ್ತಾರೆ? ಅರ್ಜಿಗೆ ಮುಂಚೆಯೇ ಆ ಕೆಲಸ ಬಿಟ್ಟೆ. ಹಾಗಾಗಿ ಬ್ಯಾಂಕಿನಲ್ಲಿ ತೋರಿಸಿದ ಹಣ ನಿಜವಾಗಿಯೂ ಊಟಕ್ಕೆ ಖರ್ಚಾಗುವ ಹಣವೇ ಆಯಿತು.

ಪರೀಕ್ಷೆ ಪ್ಲಾನ್‌ನಲ್ಲಿದ್ದಷ್ಟು ನೆಟ್ಟಗೆ ನಡೆಯಲಿಲ್ಲ. ಗಾಡಿಯ ಕುಲುಕಾಟಕ್ಕೆ ಫೋಟೊಗಳು ಮಸುಕಾಗಿ, ಆ್ಯಪ್ ಧೂಳಿನ ಕಣಗಳನ್ನೂ ನೊಣವೆಂದು ಎಣಿಸಿತು. ಸಾಲಿನ ತುದಿಯಲ್ಲಿ ಗಾಡಿ ನಿಂತಾಗ ಮಾತ್ರ ಫೋಟೊ ತೆಗೆಯುವಂತೆ ಬದಲಾಯಿಸಿ, ಹಾಳೆಗಳನ್ನೂ ಅಲ್ಲಿಗೇ ಸರಿಸಿದೆವು. ಮೂವರಲ್ಲಿ ಒಬ್ಬ ಬೆಳೆಗಾರ ಅರ್ಧಕ್ಕೇ ಬಿಟ್ಟ. ಇದನ್ನೆಲ್ಲ ಮುಚ್ಚಿಡಬೇಕೆ ಎಂದು ಕೇಳಿದೆ. ‘ಬರೆಯಿರಿ, ಯಾಕೆ ಬಿಟ್ಟ ಎನ್ನುವುದನ್ನೂ ಬರೆಯಿರಿ’ ಅಂದರು. ವರ್ಷದ ಕೊನೆಗೆ ಅವರು ಕೊಟ್ಟ ಹೇಳಿಕೆಯಲ್ಲಿ ಆ ವಿಷಯಕ್ಕೇ ಒಂದು ಪ್ಯಾರಾ ಇತ್ತು.

ಸ್ವಯಂ ಉದ್ಯೋಗಿಯ ಪರವಾನಗಿಗೆ ಮೇ ತಿಂಗಳಲ್ಲಿ ಅರ್ಜಿ ಕೊಟ್ಟೆ. ಈ ಸಲ ಉಳಿತಾಯ ತೋರಿಸಿದರೆ ನಡೆಯುವುದಿಲ್ಲ, ವ್ಯಾಪಾರದಿಂದ ಬದುಕಲು ಸಾಕಾಗುವ ಆದಾಯ ಬರುತ್ತದೆ ಎಂದು ತೋರಿಸಬೇಕು. ಸಹಿಯಾದ ಕರಾರುಗಳು, ಕಳಿಸಿದ ಇನ್‌ವಾಯ್ಸ್‌ಗಳು, ಮುಂದಿನ ವರ್ಷದ ಅಂದಾಜು ಎಲ್ಲವನ್ನೂ ಅಕೌಂಟೆಂಟ್ ಮುಂದೆ ಸುರಿದೆ. ನಾನು ಹದಿನಾಲ್ಕು ಗಿರಾಕಿಗಳನ್ನು ಬರೆದಿದ್ದೆ, ಆಕೆ ಸಹಿ ಇದ್ದ ಐವರನ್ನು ಮಾತ್ರ ಉಳಿಸಿ ಮಿಕ್ಕವರನ್ನು ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತೆಗೆದರು. ಐವರ ಲೆಕ್ಕದಲ್ಲೇ ಮೊತ್ತ ಮಿತಿಗಿಂತ ಸ್ವಲ್ಪ ಮೇಲೆ ನಿಂತಿತು.

ಹೊಸ ಕಾರ್ಡ್‌ನ ಅವಧಿ 2 ವರ್ಷ. ಅದು ಬಂದ ವಾರವೇ, ಅರ್ಧಕ್ಕೆ ಬಿಟ್ಟುಹೋಗಿದ್ದ ಬೆಳೆಗಾರ ಫೋನ್ ಮಾಡಿ, ಈಗಲೂ ಧೂಳನ್ನು ನೊಣ ಅನ್ನುತ್ತದೆಯೇ ಎಂದು ಕೇಳಿದ. ‘ಸ್ವಲ್ಪ ಕಡಿಮೆ’ ಅಂದೆ. ಮಂಗಳವಾರ ಬಾ ಅಂದ.